ಒಂದು ಚಿತ್ರಕ್ಕೆ ಎಷ್ಟು ಕರೆಂಟು?

2025ರ ಮಾರ್ಚ್ ಕೊನೆಯ ವಾರ ಮದುವೆಯ ಫೋಟೊ, ಮಗುವಿನ ಫೋಟೊ, ಬೈಕಿನ ಮೇಲೆ ಕೂತ ಫೋಟೊ ಎಲ್ಲವೂ ಜಪಾನಿನ ಸ್ಟುಡಿಯೊ ಜಿಬ್ಲಿಯ ಕಾರ್ಟೂನ್ ಶೈಲಿಗೆ ತಿರುಗಿ ವಾಟ್ಸ್‌ಆ್ಯಪ್ ಡಿಪಿಗಳಲ್ಲಿ ಕಾಣಿಸಿಕೊಂಡವು. ಚಾಟ್‌ಜಿಪಿಟಿಗೆ ಚಿತ್ರ ಬರೆಯುವ ಹೊಸ ಸೌಲಭ್ಯ ಬಂದಿತ್ತು. ನಮ್ಮ ಜಿಪಿಯುಗಳು ಕರಗಿಹೋಗುತ್ತಿವೆ ಎಂದು ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಎಕ್ಸ್‌ನಲ್ಲಿ ಬರೆದುಕೊಂಡು, ಚಿತ್ರಗಳಿಗೆ ತಾತ್ಕಾಲಿಕವಾಗಿ ಮಿತಿ ಹಾಕಿದರು. ಮೊದಲ ವಾರದಲ್ಲಿ 13 ಕೋಟಿಗೂ ಹೆಚ್ಚು ಜನ 70 ಕೋಟಿಗೂ ಹೆಚ್ಚು ಚಿತ್ರಗಳನ್ನು ಮಾಡಿಸಿಕೊಂಡರು, ಅತಿ ವೇಗವಾಗಿ ಬೆಳೆಯುತ್ತಿರುವ ಮಾರುಕಟ್ಟೆ ಭಾರತವೇ ಎಂದು ಕಂಪನಿಯ ಬ್ರ್ಯಾಡ್ ಲೈಟ್‌ಕ್ಯಾಪ್ ಏಪ್ರಿಲ್‌ನಲ್ಲಿ ತಿಳಿಸಿದರು.

ಆ ದಿನಗಳಲ್ಲೇ ಇನ್ನೊಂದು ಸಂದೇಶವೂ ಫಾರ್ವರ್ಡ್ ಆಗುತ್ತಿತ್ತು: ಎಐನಲ್ಲಿ ಒಂದು ಚಿತ್ರ ಮಾಡಿಸಿದರೆ ಒಂದು ಮೊಬೈಲ್ ಪೂರ್ತಿ ಚಾರ್ಜ್ ಮಾಡುವಷ್ಟು ಕರೆಂಟು ಖರ್ಚಾಗುತ್ತದೆ, ಅದೇ ಬರಹದ ಉತ್ತರ ಕೇಳಿದರೆ ಲೆಕ್ಕಕ್ಕೇ ಇಲ್ಲ ಎಂದು. ಈ ಮಾತಿನ ಹಿಂದೆ ನಿಜವಾದ ಒಂದು ಅಳತೆ ಇದೆ. ಆದರೆ ಅದು ಯಾವ ಯಂತ್ರದಲ್ಲಿ, ಯಾವ ಮಾಡೆಲ್‌ನಲ್ಲಿ, ಏನನ್ನು ಬಿಟ್ಟು ಏನನ್ನು ಸೇರಿಸಿ ಅಳೆದದ್ದು ಎಂಬುದು ಫಾರ್ವರ್ಡ್ ಆಗುವಾಗ ದಾರಿಯಲ್ಲೇ ಉದುರಿಹೋಗಿದೆ.

ಮೀಟರ್ ಇಟ್ಟು ನೋಡಿದವರು

ಹಗ್ಗಿಂಗ್ ಫೇಸ್ ಸಂಸ್ಥೆಯ ಸಾಶಾ ಲುಚ್ಚಿಯೋನಿ, ಯಾಸಿನ್ ಜೆರ್ನಿಟ್ ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಎಮ್ಮಾ ಸ್ಟ್ರುಬೆಲ್ 2023ರ ಕೊನೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ 88 ಮಾಡೆಲ್‌ಗಳನ್ನು ಅಮೆಜಾನ್ ಕ್ಲೌಡ್‌ನ ಅಮೆರಿಕದ ಪಶ್ಚಿಮ ಭಾಗದ ಯಂತ್ರಗಳಲ್ಲಿ ಓಡಿಸಿ, ಪ್ರತಿಯೊಂದರಿಂದಲೂ ಸಾವಿರ ಸಲ ಕೆಲಸ ಮಾಡಿಸಿ, ಎಷ್ಟು ವಿದ್ಯುತ್ ಹೋಯಿತೆಂದು ದಾಖಲಿಸಿದರು. ಕೆಲಸಗಳು ಹತ್ತು ಬಗೆಯವು. ಒಂದು ವಾಕ್ಯ ಹೊಗಳಿಕೆಯೋ ತೆಗಳಿಕೆಯೋ ಎಂದು ಗುರುತಿಸುವುದರಿಂದ ಹಿಡಿದು ಹೊಸ ಬರಹ ಬರೆಯುವುದು, ಚಿತ್ರ ಬಿಡಿಸುವುದರವರೆಗೆ.

ಸಾವಿರ ಬರಹಗಳಿಗೆ ಸರಾಸರಿ 0.047 ಯೂನಿಟ್ ಹೋಯಿತು. ಸಾವಿರ ಚಿತ್ರಗಳಿಗೆ ಸರಾಸರಿ 2.9 ಯೂನಿಟ್. ಅಂದರೆ ಸುಮಾರು 60 ಪಟ್ಟು ಅಂತರ. ಚಿತ್ರದ ಮಾಡೆಲ್‌ಗಳಲ್ಲೇ ಅತಿ ಹೆಚ್ಚು ಹೀರಿದ್ದು ಸಾವಿರಕ್ಕೆ 11.49 ಯೂನಿಟ್ ತೆಗೆದುಕೊಂಡಿತ್ತು. ಮೊಬೈಲ್ ಚಾರ್ಜಿನ ಮಾತು ಹುಟ್ಟಿದ್ದು ಈ ಕೊನೆಯ ಅಂಕಿಯಿಂದ. ಅದು ಸರಾಸರಿಯಲ್ಲ, ಪಟ್ಟಿಯ ತುತ್ತತುದಿ. ಸಾಲದ್ದಕ್ಕೆ, ಒಂದು ಚಾರ್ಜಿಗೆ 0.012 ಯೂನಿಟ್ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಟ್ಟುಕೊಂಡಿದ್ದ ಲೆಕ್ಕ 2024ರಲ್ಲಿ 0.022 ಆಯಿತು. ಸಂಶೋಧಕರು ತಮ್ಮ ಪ್ರಬಂಧವನ್ನು ತಿದ್ದಿ, ಆ ಅತಿ ದುಬಾರಿ ಮಾಡೆಲ್‌ನ ಒಂದು ಚಿತ್ರಕ್ಕೂ ಅರ್ಧ ಚಾರ್ಜಿನಷ್ಟೇ ಆಗುತ್ತದೆ ಎಂದು ಬರೆದರು. ಸರಾಸರಿ ಚಿತ್ರ ತೆಗೆದುಕೊಂಡರೆ ಏಳೆಂಟು ಚಿತ್ರಕ್ಕೆ ಒಂದು ಚಾರ್ಜು. ತಿದ್ದುಪಡಿ ಮಾತ್ರ ಯಾರಿಗೂ ಫಾರ್ವರ್ಡ್ ಆಗಲಿಲ್ಲ.

60 ಪಟ್ಟು ಎಂಬ ಅಂತರ ಸುಳ್ಳಲ್ಲ. ಆದರೆ ಆ ಪಟ್ಟಿಯಲ್ಲಿದ್ದ ಬರಹದ ಮಾಡೆಲ್‌ಗಳು ಜಿಪಿಟಿ-2ರಂಥ ಸಣ್ಣವು. ಇವತ್ತು ನಾವು ಪ್ರಶ್ನೆ ಕೇಳುವ ದೊಡ್ಡ ಚಾಟ್‌ಬಾಟ್‌ಗಳ ಮುಂದೆ ಅವು ಕೂಸುಗಳು. ಹೀಗಾಗಿ ಅಂತರ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಯಂತ್ರದ ಒಳಗೇ ಇಣುಕಬೇಕು.

ಬರಹ ಒಂದೊಂದಾಗಿ, ಚಿತ್ರ ಒಟ್ಟಿಗೇ

ಬರಹದ ಮಾಡೆಲ್ ಒಂದು ಸಲಕ್ಕೆ ಒಂದು ತುಣುಕನ್ನಷ್ಟೇ ಬರೆಯುತ್ತದೆ. ಆ ತುಣುಕಿಗೆ ಟೋಕನ್ ಎನ್ನುತ್ತಾರೆ. ಅದು ಒಂದು ಪದವಿರಬಹುದು, ಪದದ ಚೂರಿರಬಹುದು. ಪ್ರತಿ ಟೋಕನ್‌ಗೂ ಮಾಡೆಲ್‌ನ ಒಳಗಿರುವ ಕೋಟ್ಯಂತರ ಸಂಖ್ಯೆಗಳನ್ನು ಮೆಮೊರಿಯಿಂದ ಚಿಪ್‌ಗೆ ತಂದು, ಒಂದು ಸುತ್ತು ಲೆಕ್ಕ ಮಾಡಿ, ಮುಂದಿನ ಟೋಕನ್‌ಗೆ ಮತ್ತೆ ಮೊದಲಿನಿಂದ ತರಬೇಕು. ಇಲ್ಲಿ ಲೆಕ್ಕಕ್ಕಿಂತ ಈ ಸಾಗಾಟಕ್ಕೇ ಸಮಯ ಹಿಡಿಯುತ್ತದೆ. ಚಿಪ್‌ನ ಗಣಿತದ ಭಾಗ ಎಷ್ಟೋ ಹೊತ್ತು ಸುಮ್ಮನೆ ಕಾಯುತ್ತಿರುತ್ತದೆ.

ಡೇಟಾ ಸೆಂಟರ್‌ಗಳು ಈ ಬಿಡುವನ್ನು ಹಾಳುಮಾಡುವುದಿಲ್ಲ. ಒಂದೇ ಹೊತ್ತಿಗೆ ಬಂದ ಹತ್ತಾರು ಜನರ ಪ್ರಶ್ನೆಗಳನ್ನು ಒಟ್ಟುಗೂಡಿಸುತ್ತವೆ. ಊರಿಗೆ ಹೋಗುವ ಬಸ್ಸಿನಲ್ಲಿ ಒಬ್ಬರೇ ಕೂತರೂ ಐವತ್ತು ಜನ ಕೂತರೂ ಡೀಸೆಲ್ ಖರ್ಚಿನಲ್ಲಿ ಹೆಚ್ಚಿನ ವ್ಯತ್ಯಾಸವಾಗದ ಹಾಗೆ, ಒಮ್ಮೆ ಮೆಮೊರಿಯಿಂದ ತಂದ ಸಂಖ್ಯೆಗಳು ಅಷ್ಟೂ ಪ್ರಶ್ನೆಗಳಿಗೆ ಬಳಕೆಯಾಗುತ್ತವೆ. ಒಬ್ಬೊಬ್ಬರ ಪಾಲಿಗೆ ಬರುವ ವಿದ್ಯುತ್ ಇಳಿಯುತ್ತದೆ. ಬರಹದ ಉತ್ತರ ಅಗ್ಗವಾಗಿರುವುದರ ದೊಡ್ಡ ಗುಟ್ಟು ಇದೇ.

ಚಿತ್ರದ ಕಥೆ ಬೇರೆ. ಹೆಚ್ಚು ಬಳಕೆಯಲ್ಲಿರುವ ವಿಧಾನಕ್ಕೆ ಡಿಫ್ಯೂಷನ್ ಎನ್ನುತ್ತಾರೆ. ಸಿಗ್ನಲ್ ಇಲ್ಲದ ಹಳೆಯ ಟೀವಿಯ ಪರದೆಯಂಥ ಬರೀ ಚುಕ್ಕೆಗಳ ಗೊಂದಲದಿಂದ ಮಾಡೆಲ್ ಕೆಲಸ ಶುರುಮಾಡುತ್ತದೆ. ಅದರಲ್ಲಿ ನೀವು ಬರೆದ ವಿವರಣೆಗೆ ಹೊಂದದ ಗೊಂದಲ ಎಷ್ಟು ಎಂದು ಊಹಿಸಿ ಅಷ್ಟನ್ನು ಕಳೆಯುತ್ತದೆ. ಉಳಿದದ್ದರ ಮೇಲೆ ಮತ್ತೆ ಅದೇ ಕೆಲಸ. ಹೀಗೆ 25 ಅಥವಾ 50 ಹಂತ ದಾಟಿದ ಮೇಲೆ ಮುಖ, ಮರ, ಮೋಡ ಸ್ಪಷ್ಟವಾಗುತ್ತವೆ.

ಸ್ಟೇಬಲ್ ಡಿಫ್ಯೂಷನ್ 3 ಎಂಬ ಮಾಡೆಲ್ ಅನ್ನೇ ಹತ್ತಿರದಿಂದ ನೋಡೋಣ. 1024×1024 ಚುಕ್ಕೆಗಳ ಚಿತ್ರವನ್ನು ಅದು ಮೊದಲು ಕುಗ್ಗಿಸಿದ ರೂಪದಲ್ಲಿ ಇಟ್ಟುಕೊಂಡು, 64 ಸಾಲು, 64 ಕಂಬಗಳ ಚೌಕಗಳಾಗಿ ವಿಂಗಡಿಸುತ್ತದೆ. ಒಟ್ಟು 4,096 ಚೌಕ. ಪ್ರತಿ ಹಂತದಲ್ಲೂ ಈ ಅಷ್ಟೂ ಚೌಕಗಳು ಇಡೀ ಮಾಡೆಲ್‌ನೊಳಗೆ ಹಾದುಬರಬೇಕು. ಸಾಮಾನ್ಯವಾಗಿ ಒಂದೊಂದು ಹಂತವನ್ನೂ ಎರಡೆರಡು ಸಲ ಮಾಡುತ್ತಾರೆ: ವಿವರಣೆಯನ್ನು ಗಮನಿಸಿ ಒಮ್ಮೆ, ಗಮನಿಸದೆ ಒಮ್ಮೆ. ಎರಡರ ವ್ಯತ್ಯಾಸವನ್ನು ಹಿಗ್ಗಿಸಿದರೆ ಚಿತ್ರ ವಿವರಣೆಗೆ ಹತ್ತಿರವಾಗುತ್ತದೆ. 25 ಹಂತ ಎಂದರೆ 50 ಸಲ, ಪ್ರತಿ ಸಲ 4,096 ಚೌಕ. ಒಟ್ಟು ಎರಡು ಲಕ್ಷಕ್ಕೂ ಮಿಕ್ಕಿ. ಮುನ್ನೂರು ಟೋಕನ್‌ನ ಒಂದು ಸಾಧಾರಣ ಉತ್ತರದ ಪಕ್ಕದಲ್ಲಿ ಇದನ್ನಿಟ್ಟರೆ ಕೆಲಸದ ಗಾತ್ರ ಗೊತ್ತಾಗುತ್ತದೆ.

ಒಂದೇ ಚಿತ್ರದಲ್ಲಿ ಸಾವಿರಾರು ಚೌಕಗಳು ಒಟ್ಟಿಗೆ ಬರುವುದರಿಂದ ಚಿಪ್ ಆಗಲೇ ತುಂಬಿಹೋಗಿರುತ್ತದೆ. ಇನ್ನಷ್ಟು ಗಿರಾಕಿಗಳ ಚಿತ್ರಗಳನ್ನು ಜೊತೆಗೆ ಸೇರಿಸಿದರೂ ತಲಾ ಖರ್ಚು ಹೆಚ್ಚೇನೂ ಇಳಿಯುವುದಿಲ್ಲ. ಸಮಾಧಾನದ ಸಂಗತಿಯೆಂದರೆ, ಚಿತ್ರದ ಮಾಡೆಲ್‌ಗಳು ಗಾತ್ರದಲ್ಲಿ ಚಿಕ್ಕವು. ಈ ಮಾಡೆಲ್‌ನ ಮಧ್ಯಮ ಗಾತ್ರದ ಆವೃತ್ತಿಯಲ್ಲಿರುವುದು 200 ಕೋಟಿ ಸಂಖ್ಯೆಗಳು. ಬರಹದ ದೈತ್ಯ ಮಾಡೆಲ್‌ಗಳಲ್ಲಿ ಅದರ ಇನ್ನೂರು ಪಟ್ಟು ಇರುವುದುಂಟು. ಲೆಕ್ಕ ತಲೆಕೆಳಗಾಗುವುದು ಇಲ್ಲೇ.

ಚಿತ್ರಕ್ಕಿಂತ ಬರಹವೇ ದುಬಾರಿಯಾದಾಗ

ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆಯ ಜೇಮ್ಸ್ ಒಡೊನೆಲ್ ಮತ್ತು ಕೇಸಿ ಕ್ರೌನ್‌ಹಾರ್ಟ್ 2025ರ ಮೇ ತಿಂಗಳಲ್ಲಿ ಸಂಶೋಧಕರ ನೆರವಿನಿಂದ ಹೊಸ ಅಳತೆಗಳನ್ನು ಪ್ರಕಟಿಸಿದರು. ಜಿಪಿಯು ಚಿಪ್ ಎಳೆದ ವಿದ್ಯುತ್ತನ್ನು ಅಳೆದು, ಅದನ್ನು ಇಮ್ಮಡಿ ಮಾಡಿದರು. ಪ್ರೊಸೆಸರ್, ಫ್ಯಾನು ಇತ್ಯಾದಿಗಳಿಗೆ ಚಿಪ್‌ನಷ್ಟೇ ಇನ್ನೊಂದು ಪಾಲು ಬೇಕು ಎಂಬ ಅಂದಾಜಿನ ಮೇಲೆ.

ಮೆಟಾ ಕಂಪನಿಯ ಸಣ್ಣ ಲಾಮಾ ಮಾಡೆಲ್ (800 ಕೋಟಿ ಸಂಖ್ಯೆಗಳದ್ದು) ಒಂದು ಉತ್ತರಕ್ಕೆ ತೆಗೆದುಕೊಂಡದ್ದು ಸುಮಾರು 0.03 ವ್ಯಾಟ್-ಅವರ್. ಸಾವಿರ ವ್ಯಾಟ್-ಅವರ್ ಸೇರಿದರೆ ನಮ್ಮ ಬಿಲ್ಲಿನ ಒಂದು ಯೂನಿಟ್. ಮೇಲೆ ವಿವರಿಸಿದ ಸ್ಟೇಬಲ್ ಡಿಫ್ಯೂಷನ್ 3ರ ಮಧ್ಯಮ ಆವೃತ್ತಿ 25 ಹಂತದ ಒಂದು ಚಿತ್ರಕ್ಕೆ ತೆಗೆದುಕೊಂಡದ್ದು 0.63. ಅಂದರೆ ಇಪ್ಪತ್ತು ಪಟ್ಟು. ಇಲ್ಲಿಯವರೆಗೆ ಹಳೆಯ ಅಧ್ಯಯನದ ದಿಕ್ಕೇ. ಆದರೆ ಅದೇ ಕಂಪನಿಯ ದೊಡ್ಡ ಲಾಮಾ, 40,500 ಕೋಟಿ ಸಂಖ್ಯೆಗಳದ್ದು, ಒಂದೇ ಉತ್ತರಕ್ಕೆ 1.86 ವ್ಯಾಟ್-ಅವರ್ ತೆಗೆದುಕೊಂಡಿತು. ಒಂದು ಚಿತ್ರದ ಸುಮಾರು ಮೂರು ಪಟ್ಟು!

ಆದ್ದರಿಂದ 'ಚಿತ್ರ ಮತ್ತು ಬರಹಗಳ ಅಂತರ ಇಷ್ಟು' ಎಂದು ಒಂದೇ ಸಂಖ್ಯೆ ಹೇಳುವವರನ್ನು ನಂಬಬೇಕಿಲ್ಲ. ಚಿತ್ರದ ಖರ್ಚನ್ನು ನಿರ್ಧರಿಸುವುದು ಮಾಡೆಲ್‌ನ ಗಾತ್ರ, ಚಿತ್ರದ ಅಳತೆ ಮತ್ತು ಹಂತಗಳ ಸಂಖ್ಯೆ. 25ರ ಬದಲು 50 ಹಂತ ಮಾಡಿಸಿದಾಗ ಖರ್ಚು 0.63ರಿಂದ 1.22 ವ್ಯಾಟ್-ಅವರ್‌ಗೆ ಏರಿತು, ಹೆಚ್ಚುಕಡಿಮೆ ಇಮ್ಮಡಿ. ಚಿತ್ರದಲ್ಲಿ ಏನಿದೆ ಎಂಬುದು ಇಲ್ಲಿ ಮುಖ್ಯವಲ್ಲ. 'ಖಾಲಿ ಆಕಾಶ' ಎಂದು ಬರೆದರೂ ಅಷ್ಟೇ, 'ಮೈಸೂರು ದಸರೆಯ ಜನಸಾಗರ' ಎಂದು ಬರೆದರೂ ಅಷ್ಟೇ. ಯಂತ್ರ ದಾಟಬೇಕಾದ ಚೌಕಗಳು, ಹಂತಗಳು ಎರಡಕ್ಕೂ ಒಂದೇ. ಹಂತಗಳನ್ನೇ ಕಡಿಮೆ ಮಾಡುವ ದಾರಿಯೂ ಇದೆ. ಸ್ಟೆಬಿಲಿಟಿ ಎಐ ಕಂಪನಿ 2023ರ ನವೆಂಬರ್‌ನಲ್ಲಿ ಹೊರತಂದ ಎಸ್‌ಡಿಎಕ್ಸ್‌ಎಲ್ ಟರ್ಬೊ ಒಂದರಿಂದ ನಾಲ್ಕು ಹಂತಗಳಲ್ಲಿ ಚಿತ್ರ ಮುಗಿಸುತ್ತದೆ. ಚಿತ್ರದ ನಯ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ.

ಬರಹದಲ್ಲಿ ಹಾಗಲ್ಲ. ಏನು ಕೇಳುತ್ತೀರಿ, ಉತ್ತರ ಎಷ್ಟು ಉದ್ದ ಎಂಬುದರ ಮೇಲೆ ಖರ್ಚು ಏರಿಳಿಯುತ್ತದೆ. ಅದರಲ್ಲೂ ಉತ್ತರಿಸುವ ಮೊದಲು 'ಯೋಚಿಸುವ' ಮಾಡೆಲ್‌ಗಳು ತೆರೆಯ ಹಿಂದೆ ಪುಟಗಟ್ಟಲೆ ಬರೆದುಕೊಳ್ಳುತ್ತವೆ. ಜರ್ಮನಿಯ ಮ್ಯಾಕ್ಸಿಮಿಲಿಯನ್ ಡೌನರ್ ಮತ್ತು ಗುಡ್ರುನ್ ಸೋಹರ್ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಮಾಡೆಲ್‌ಗಳು ಒಂದು ಪ್ರಶ್ನೆಗೆ ಸರಾಸರಿ 543 ಟೋಕನ್‌ಗಳನ್ನು ಯೋಚನೆಗೇ ಸುರಿದಿದ್ದವು. ನೇರವಾಗಿ ಉತ್ತರಿಸುವವು ಮುಗಿಸಿದ್ದು 40ಕ್ಕಿಂತ ಕಡಿಮೆ ಟೋಕನ್‌ಗಳಲ್ಲಿ. ಕೆಲವು ಹೋಲಿಕೆಗಳಲ್ಲಿ ಇಂಗಾಲದ ಹೊರಸೂಸುವಿಕೆ 50 ಪಟ್ಟಿನವರೆಗೆ ಹೋಯಿತು.

ಲೆಕ್ಕದ ಬೇಲಿ ಎಲ್ಲಿದೆ?

ಕಂಪನಿಗಳು ತಾವೇ ಕೊಟ್ಟ ಅಂಕಿಗಳೂ ಇವೆ. ಚಾಟ್‌ಜಿಪಿಟಿಯ ಸರಾಸರಿ ಪ್ರಶ್ನೆಗೆ 0.34 ವ್ಯಾಟ್-ಅವರ್ ಎಂದು ಆಲ್ಟ್‌ಮನ್ 2025ರ ಜೂನ್‌ನಲ್ಲಿ ಬರೆದರು. ಹೇಗೆ ಅಳೆದದ್ದು ಎಂದು ವಿವರಿಸಲಿಲ್ಲ. ಆಗಸ್ಟ್‌ನಲ್ಲಿ ಗೂಗಲ್ ಜೆಮಿನಿಯ ಲೆಕ್ಕವನ್ನು ವಿವರವಾಗಿಯೇ ಪ್ರಕಟಿಸಿತು: ಮಧ್ಯಮ ಪ್ರಮಾಣದ ಒಂದು ಬರಹದ ಪ್ರಶ್ನೆಗೆ 0.24 ವ್ಯಾಟ್-ಅವರ್ ವಿದ್ಯುತ್, 0.03 ಗ್ರಾಂ ಇಂಗಾಲ, 0.26 ಮಿಲಿಲೀಟರ್ ನೀರು.

ಗೂಗಲ್‌ನ ವರದಿಯಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕೆಲಸ ಮಾಡುತ್ತಿರುವ ಎಐ ಚಿಪ್ ಒಂದನ್ನೇ ಲೆಕ್ಕಕ್ಕೆ ಹಿಡಿದರೆ 0.24 ಅಲ್ಲ, 0.10 ಮಾತ್ರ. ಪಕ್ಕದ ಪ್ರೊಸೆಸರ್ ಮತ್ತು ಮೆಮೊರಿ, ದಿಢೀರ್ ನೂಕುನುಗ್ಗಲಿಗೆಂದು ಸಿದ್ಧವಾಗಿ ನಿಂತಿರುವ ಯಂತ್ರಗಳು, ಕೂಲಿಂಗ್, ಇವೆಲ್ಲ ಸೇರಿದಾಗ ಅದು ಎರಡೂವರೆ ಪಟ್ಟಾಗುತ್ತದೆ. ಒಬ್ಬರು ಬೇಲಿಯನ್ನು ಚಿಪ್‌ನ ಸುತ್ತ ಹಾಕಿ, ಇನ್ನೊಬ್ಬರು ಕಟ್ಟಡದ ಸುತ್ತ ಹಾಕಿದರೆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಡುವುದೇ ತಪ್ಪು.

ನೀರಿನ ಲೆಕ್ಕದಲ್ಲಿ ಈ ಬೇಲಿ ಇನ್ನೂ ಮುಖ್ಯ. ಫ್ರಾನ್ಸಿನ ಮಿಸ್ಟ್ರಾಲ್ ಕಂಪನಿ 2025ರ ಜುಲೈನಲ್ಲಿ ತನ್ನ ದೊಡ್ಡ ಮಾಡೆಲ್‌ನ 400 ಟೋಕನ್‌ಗಳ ಒಂದು ಉತ್ತರಕ್ಕೆ 45 ಮಿಲಿಲೀಟರ್ ನೀರು, 1.14 ಗ್ರಾಂ ಇಂಗಾಲ ಎಂದು ಹೇಳಿತು. ಗೂಗಲ್ ಹೇಳಿದ ನೀರಿನ 170 ಪಟ್ಟು! ಫ್ರಾನ್ಸಿನ ಯಂತ್ರಗಳು ಅಷ್ಟೊಂದು ಬಾಯಾರಿವೆ ಎಂದಲ್ಲ. ಗೂಗಲ್ ಎಣಿಸಿದ್ದು ಡೇಟಾ ಸೆಂಟರ್‌ನ ಕೂಲಿಂಗ್‌ನಲ್ಲಿ ಆವಿಯಾಗಿ ಹೋಗುವ ನೀರನ್ನು. ಆ ವಿದ್ಯುತ್ ಉತ್ಪಾದಿಸಿದ ಸ್ಥಾವರ ಬಳಸಿದ ನೀರು ಅದರಲ್ಲಿಲ್ಲ. ಮಿಸ್ಟ್ರಾಲ್ ಯಂತ್ರಗಳ ತಯಾರಿಕೆಯಿಂದ ಹಿಡಿದು ಇಡೀ ಸರಪಳಿಯನ್ನು ಎಣಿಸಲು ಹೊರಟಿತ್ತು. ಮೇಲಾಗಿ ಈ ಮೂರೂ ಕಂಪನಿಗಳು ಕೊಟ್ಟದ್ದು ಪ್ರಶ್ನೋತ್ತರದ ಲೆಕ್ಕ. ಚಿತ್ರಕ್ಕೆ ಪ್ರತ್ಯೇಕ ಅಂಕಿಯನ್ನು ಅವು ಅಲ್ಲಿ ಕೊಡಲಿಲ್ಲ.

ಇಂಗಾಲದ್ದೂ ಇದೇ ಪಾಡು. ಒಂದೇ ಚಿತ್ರ, ಒಂದೇ ಯಂತ್ರ. ಕರೆಂಟು ಬಂದ ಊರು ಬದಲಾದರೆ ಹೊಗೆಯೂ ಬದಲಾಗುತ್ತದೆ. ಲುಚ್ಚಿಯೋನಿ ತಂಡದ ಯಂತ್ರಗಳಿದ್ದ ಕಡೆ ಒಂದು ಯೂನಿಟ್‌ಗೆ ಸುಮಾರು 0.3 ಕಿಲೊ ಇಂಗಾಲದ ಡೈಆಕ್ಸೈಡ್. ಕಲ್ಲಿದ್ದಲನ್ನೇ ಹೆಚ್ಚು ನೆಚ್ಚಿಕೊಂಡ ನಮ್ಮ ದೇಶದ ಗ್ರಿಡ್‌ನಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಂತೆ ಅದು ಸುಮಾರು 0.7 ಕಿಲೊ. 2.9 ವ್ಯಾಟ್-ಅವರ್‌ನ ಚಿತ್ರ ಅಲ್ಲಿ ಒಂದು ಗ್ರಾಂಗೆ ತುಸು ಕಡಿಮೆ ಹೊರಸೂಸಿದರೆ, ಇಲ್ಲಿ ಎರಡು ಗ್ರಾಂ. ಗೂಗಲ್‌ನ 0.24 ವ್ಯಾಟ್-ಅವರ್ ಇಲ್ಲಿನ ಗ್ರಿಡ್‌ನಲ್ಲಿ ಖರ್ಚಾದರೆ 0.17 ಗ್ರಾಂ. ಕಂಪನಿ ಹೇಳಿಕೊಂಡ 0.03ರಲ್ಲಿ ಅದು ಕೊಂಡ ಸ್ವಚ್ಛ ವಿದ್ಯುತ್ತಿನ ಒಪ್ಪಂದಗಳ ಲಾಭವೂ ಸೇರಿದೆ.

ಒಂದು ಪೋಸ್ಟರಿನ ಲೆಕ್ಕ

ಈಗ ಇದನ್ನೆಲ್ಲ ಒಂದು ಕೆಲಸಕ್ಕೆ ಹಚ್ಚಿ ನೋಡೋಣ. ಬಡಾವಣೆಯ ಗಣೇಶೋತ್ಸವಕ್ಕೆ ಪೋಸ್ಟರ್ ಬೇಕು ಎಂದಿಟ್ಟುಕೊಳ್ಳಿ. ಕಾರ್ಯಕ್ರಮದ ಪಟ್ಟಿಯನ್ನು ಒಪ್ಪವಾಗಿ ಬರೆಸಲು, ತಿದ್ದಿಸಲು ಚಾಟ್‌ಬಾಟ್‌ಗೆ ಐದು ಸಲ ಕೇಳುತ್ತೀರಿ. ತಲಾ 0.3 ವ್ಯಾಟ್-ಅವರ್ ಎಂದರೆ 1.5. ಇನ್ನು ಚಿತ್ರ. ಮೊದಲನೆಯದರಲ್ಲಿ ಸೊಂಡಿಲು ಎರಡಾಗಿ ಸೀಳಿರುತ್ತದೆ. ಎರಡನೆಯದರಲ್ಲಿ ಕೈ ಐದು. ಮೂರನೆಯದರಲ್ಲಿ ಎಲ್ಲ ಸರಿಯಿದ್ದರೂ ಕನ್ನಡ ಅಕ್ಷರಗಳ ಜಾಗದಲ್ಲಿ ಯಾವ ಲಿಪಿಯೂ ಅಲ್ಲದ ಬಳ್ಳಿಗಳು. ಮೂಷಿಕನಿಗೆ ಬಾಲ ಬರುವ ಹೊತ್ತಿಗೆ ಹನ್ನೆರಡು ಪ್ರಯತ್ನಗಳಾಗಿರುತ್ತವೆ. ತಲಾ 0.63 ಎಂದರೆ 7.6 ವ್ಯಾಟ್-ಅವರ್. ಒಟ್ಟು ಒಂಬತ್ತು. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ ಐದು ಪೈಸೆಯ ಕರೆಂಟು, ನಮ್ಮ ಗ್ರಿಡ್‌ನಲ್ಲಿ ಆರೇಳು ಗ್ರಾಂ ಇಂಗಾಲ.

ಪರದೆಯ ಮೇಲೆ ಉಳಿದದ್ದು ಒಂದೇ ಚಿತ್ರ, ಖರ್ಚಾದದ್ದು ಹನ್ನೆರಡರದ್ದು. ಕೆಲವು ಸೇವೆಗಳು ಒಂದು ಸಲ ಕೇಳಿದರೆ ನಾಲ್ಕು ಮಾದರಿಗಳನ್ನು ಒಟ್ಟಿಗೆ ಕೊಡುತ್ತವೆ. ಆಗ ಹನ್ನೆರಡು 48 ಆಗುತ್ತದೆ. ಬರಹದಲ್ಲಿ ಒಂದು ಸಾಲು ತಪ್ಪಿದರೆ ಆ ಸಾಲನ್ನು ನಾವೇ ತಿದ್ದಿಕೊಳ್ಳುತ್ತೇವೆ. ಚಿತ್ರದಲ್ಲಿ ಒಂದು ಬೆರಳು ತಪ್ಪಿದರೆ ಸಾಮಾನ್ಯವಾಗಿ ಇಡೀ ಚಿತ್ರವನ್ನೇ ಹೊಸದಾಗಿ ಮಾಡಿಸುತ್ತೇವೆ. ಪ್ರಯೋಗಾಲಯದ ಯಾವ ಅಳತೆಗೂ ಸಿಗದ ಅಂತರ ಇದು. ಹೊಸ ಗಣಪನನ್ನು ಕೇಳುವ ಬದಲು ಅಕ್ಷರಗಳನ್ನು ಮಾಮೂಲಿ ಡಿಸೈನ್ ಆ್ಯಪ್‌ನಲ್ಲಿ ಕೂಡಿಸಿದರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ. ಅಕ್ಷರವೂ ಸರಿಯಾಗಿ ಬರುತ್ತದೆ.

ಆ ಜಿಬ್ಲಿ ವಾರದ 70 ಕೋಟಿ ಚಿತ್ರಗಳಿಗೆ ಎಷ್ಟಾಗಿರಬಹುದು? ಓಪನ್‌ಎಐ ಆಗ ಬಳಸಿದ್ದು ಡಿಫ್ಯೂಷನ್‌ಗಿಂತ ಬೇರೆಯೇ ವಿಧಾನ. ಹಾಗಾಗಿ ಇತರ ಮಾಡೆಲ್‌ಗಳ ಅಳತೆಯಿಂದ ಸಿಗುವುದು ಗಾತ್ರದ ಅಂದಾಜು ಮಾತ್ರ. ಚಿತ್ರಕ್ಕೆ 0.63 ವ್ಯಾಟ್-ಅವರ್ ಹಿಡಿದರೆ 4.4 ಲಕ್ಷ ಯೂನಿಟ್, 2.9 ಹಿಡಿದರೆ 20 ಲಕ್ಷ. ತಿಂಗಳಿಗೆ ನೂರು ಯೂನಿಟ್ ಸುಡುವ 4,400ರಿಂದ 20,000 ಮನೆಗಳ ಒಂದು ತಿಂಗಳ ಕರೆಂಟು.

ಅದರ ಪಕ್ಕಕ್ಕೆ ಇನ್ನೊಂದು ಲೆಕ್ಕ ಇಡಿ. ಚಾಟ್‌ಜಿಪಿಟಿಗೆ ದಿನಕ್ಕೆ 250 ಕೋಟಿ ಪ್ರಶ್ನೆಗಳು ಬರುತ್ತವೆ ಎಂದು ಕಂಪನಿ 2025ರ ಜುಲೈನಲ್ಲಿ ಹೇಳಿತು. ಆಲ್ಟ್‌ಮನ್ ಕೊಟ್ಟ 0.34ರಿಂದ ಗುಣಿಸಿದರೆ ದಿನಕ್ಕೆ 8.5 ಲಕ್ಷ ಯೂನಿಟ್, ವಾರಕ್ಕೆ ಸುಮಾರು 60 ಲಕ್ಷ. ಜಿಪಿಯು ಕರಗಿಸಿದ ಆ ಗದ್ದಲದ ವಾರದ ಚಿತ್ರಗಳೆಲ್ಲ ಸೇರಿದರೂ, ಸದ್ದಿಲ್ಲದೆ ನಡೆಯುವ ಮಾಮೂಲಿ ಪ್ರಶ್ನೋತ್ತರದ ಒಂದು ವಾರದ ಮೂರನೇ ಒಂದು ಭಾಗದಷ್ಟು ಮಾತ್ರ. ಒಂದೊಂದಾಗಿ ನೋಡಿದಾಗ ಚಿತ್ರ ದುಬಾರಿ, ಒಟ್ಟು ಮೊತ್ತದಲ್ಲಿ ಬರಹವೇ ಭಾರ.

ಈ ಎರಡನ್ನೂ ಹಿಂದಿಕ್ಕುವುದು ವಿಡಿಯೊ. ಎಂಐಟಿ ಪತ್ರಿಕೆಯ ಅಳತೆಯಲ್ಲಿ ಕಾಗ್‌ವಿಡಿಯೊಎಕ್ಸ್ ಎಂಬ ಮಾಡೆಲ್‌ನ ಐದು ಸೆಕೆಂಡಿನ ಒಂದು ತುಣುಕಿಗೆ 34 ಲಕ್ಷ ಜೂಲ್, ಅಂದರೆ ಸುಮಾರು 0.94 ಯೂನಿಟ್ ಬೇಕಾಯಿತು. ನಮ್ಮ ಪೋಸ್ಟರಿನ ನೂರು ಪಟ್ಟು, ಒಂದು ಚಿತ್ರದ ಸುಮಾರು ಸಾವಿರದ ಐನೂರು ಪಟ್ಟು. ಕಾರಣ ಹಳೆಯದೇ: ಚೌಕಗಳ ಲೆಕ್ಕ ಈಗ ಒಂದು ಚಿತ್ರದ್ದಲ್ಲ, ಒಂದರ ಹಿಂದೊಂದು ಬರುವ ಹತ್ತಾರು ಚಿತ್ರಗಳದ್ದು, ಅವೆಲ್ಲವೂ ಒಂದಕ್ಕೊಂದು ಹೊಂದಿಕೊಂಡಿರಬೇಕು. ಚಿತ್ರವೋ ಬರಹವೋ ಎಂದು ಪೈಸೆ ಎಣಿಸುವ ಚರ್ಚೆ ಇನ್ನು ಯೂನಿಟ್‌ಗಳಲ್ಲಿ ನಡೆಯಬೇಕಾಗುತ್ತದೆ.